ನಡುಮಧ್ಯಾಹ್ನ ಕಾಮನಬಿಲ್ಲು ಯಾಕಿಲ್ಲ?

"ಸಂಪಾದಕರೇ, ನಮ್ಮಲ್ಲಿ ಸಂಜೆ ಬಿಸಿಲು ಮಳೆ ಒಟ್ಟಿಗೆ ಬಂದರೆ ಕಾಮನಬಿಲ್ಲು ಕಾಣುತ್ತದೆ. ನಡುಮಧ್ಯಾಹ್ನ ಅದೇ ಬಿಸಿಲು, ಅದೇ ಮಳೆ ಇದ್ದರೂ ಕಾಣುವುದಿಲ್ಲ. ಯಾಕೆ?"
— ಓದುಗರೊಬ್ಬರು, ಶಿರಸಿ

ಒಂದೇ ಒಂದು ಹನಿಯಿಂದ ಶುರು ಮಾಡೋಣ. ಬಿಸಿಲಿನ ಕಿರಣ ಹನಿಯೊಳಗೆ ಹೋಗುವಾಗ ಒಮ್ಮೆ ಬಾಗುತ್ತದೆ. ಹಿಂಬದಿಗೆ ತಾಗಿ ಅಲ್ಲಿಂದ ಪ್ರತಿಫಲಿಸುತ್ತದೆ. ಹೊರಗೆ ಬರುವಾಗ ಇನ್ನೊಮ್ಮೆ ಬಾಗುತ್ತದೆ. ಹಿಂಬದಿಯಲ್ಲಿ ಬೆಳಕು ಪೂರ್ತಿಯಾಗಿ ಪ್ರತಿಫಲಿಸುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಜಾಸ್ತಿ ಪಾಲು ಅಲ್ಲಿಂದಲೇ ಆಚೆ ಹೋಗಿಬಿಡುತ್ತದೆ. ತಿರುಗಿ ಬರುವ ಚೂರುಪಾರು ಬೆಳಕೇ ನಮ್ಮ ಬಿಲ್ಲು.

ಅಷ್ಟು ಕಡಿಮೆ ಬೆಳಕು ಕಣ್ಣಿಗೆ ಹೇಗೆ ಕಾಣುತ್ತದೆ? ಹನಿಯ ನಟ್ಟನಡುವೆ ಬಿದ್ದ ಕಿರಣ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ನಡುವಿನಿಂದ ಅಂಚಿನ ಕಡೆಗೆ ಸರಿದಂತೆ ಕಿರಣ ಓರೆಯಾಗಿ ಹೊರಬರುತ್ತದೆ. ಈ ಓರೆ ಹೆಚ್ಚುತ್ತಾ ಹೋಗಿ ಸುಮಾರು 42 ಡಿಗ್ರಿಗೆ ನಿಲ್ಲುತ್ತದೆ. ಇನ್ನೂ ಅಂಚಿಗೆ ಹೋದರೆ ಮತ್ತೆ ಕಡಿಮೆಯಾಗುತ್ತದೆ. ಹೀಗೆ ಏರಿ ಇಳಿಯುವ ತಿರುವಿನಲ್ಲಿ ತುಂಬಾ ಕಿರಣಗಳು ಒಂದೇ ದಿಕ್ಕಿಗೆ ಬಂದು ಸೇರುತ್ತವೆ. ಆ ದಿಕ್ಕು ಮಾತ್ರ ಬೆಳಗುತ್ತದೆ. ಫ್ರಾನ್ಸಿನ ಡೆಕಾರ್ಟ್ ಒಂದೊಂದೇ ಕಿರಣದ ಲೆಕ್ಕ ಹಾಕಿ, 1637ರಲ್ಲಿ ಇದನ್ನು ಪ್ರಕಟಿಸಿದ. ಕೆಂಪು ಬಣ್ಣ ಎಲ್ಲಕ್ಕಿಂತ ಕಡಿಮೆ ಬಾಗುವುದರಿಂದ ಅದರ ತಿರುವು 42ರ ಹತ್ತಿರ, ನೇರಳೆಯದು 40ರ ಹತ್ತಿರ. ಹಾಗಾಗಿ ಈ ಬಿಲ್ಲಿನಲ್ಲಿ ಕೆಂಪು ಹೊರಗಡೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಸೂರ್ಯನಿಗೆ ಬೆನ್ನು ಹಾಕಿ ನಿಂತರೆ ನಿಮ್ಮ ತಲೆಯ ನೆರಳು ಬೀಳುವ ದಿಕ್ಕೇ ಬಿಲ್ಲಿನ ಕೇಂದ್ರ. ಅಲ್ಲಿಂದ 42 ಡಿಗ್ರಿ ದೂರದಲ್ಲಿರುವ ಹನಿಗಳೆಲ್ಲ ನಿಮಗೆ ಕೆಂಪು ಕಳಿಸುತ್ತವೆ. ಸೂರ್ಯ ಎಷ್ಟು ಮೇಲಿದ್ದಾನೋ ಕೇಂದ್ರ ದಿಗಂತಕ್ಕಿಂತ ಅಷ್ಟೇ ಕೆಳಗಿರುತ್ತದೆ. ಸಂಜೆ ಸೂರ್ಯ 30 ಡಿಗ್ರಿ ಎತ್ತರದಲ್ಲಿದ್ದಾನೆ ಅನ್ನಿ. ಬಿಲ್ಲಿನ ನೆತ್ತಿ ದಿಗಂತದಿಂದ 12 ಡಿಗ್ರಿ ಮೇಲೆ ಕಾಣುತ್ತದೆ. ಸೂರ್ಯ 60 ಡಿಗ್ರಿಗೆ ಏರಿದರೆ ಇಡೀ ಬಿಲ್ಲು ದಿಗಂತದ ಕೆಳಗೆ ಹೋಗುತ್ತದೆ. ಅಲ್ಲಿರುವುದು ನೆಲ, ಮಳೆಯಲ್ಲ.

ಶಿರಸಿಯಲ್ಲಿ ಡಿಸೆಂಬರ್ ಕೊನೆಯಲ್ಲೂ ನಡುಮಧ್ಯಾಹ್ನದ ಸೂರ್ಯ ಸುಮಾರು 52 ಡಿಗ್ರಿ ಮೇಲಿರುತ್ತಾನೆ. ಅದಕ್ಕೇ ನಿಮ್ಮೂರಿನ ಆಕಾಶದಲ್ಲಿ ವರ್ಷದ ಯಾವ ದಿನವೂ ಆ ಹೊತ್ತಿಗೆ ಬಿಲ್ಲು ಮೂಡುವುದಿಲ್ಲ. ಲಂಡನ್ನಿನಲ್ಲಿ ಚಳಿಗಾಲದ ಸೂರ್ಯ ಮಧ್ಯಾಹ್ನವೂ 15 ಡಿಗ್ರಿ ಆಸುಪಾಸಿನಲ್ಲೇ ಇರುವುದರಿಂದ ಅಲ್ಲಿ ಕಾಣಬಹುದು.

ಡಿಗ್ರಿ ಅಳೆಯುವ ಗೋಜೇ ಬೇಡ. ಸಮತಟ್ಟು ನೆಲದಲ್ಲಿ ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಆಕಾಶದಲ್ಲಿ ಬಿಲ್ಲು ಹುಡುಕಬೇಡಿ. ಮಧ್ಯಾಹ್ನವೇ ನೋಡಲೇಬೇಕು ಅಂದರೆ ತಾರಸಿಯ ಮೇಲೆ ನಿಂತು, ಸೂರ್ಯನಿಗೆ ಬೆನ್ನು ಹಾಕಿ, ಪೈಪಿನ ಬಾಯಿಗೆ ಬೆರಳು ಅದುಮಿ ಕೆಳಗಿನ ಅಂಗಳದ ಕಡೆಗೆ ನೀರು ಚಿಮ್ಮಿಸಿ. ತುಂತುರು ಸಣ್ಣದಾಗಿದ್ದು ಅದರ ಮೇಲೆ ಬಿಸಿಲು ಬಿದ್ದರೆ, ಬಿಲ್ಲು ನಿಮಗಿಂತ ಕೆಳಗೆ ಕಾಣುತ್ತದೆ.