ಸೀರೆ ಅಂಗಡಿಗೆ ಹೋಯಿತು, ಮಾರಾಟ ಆಯಿತೇ?

ಪ್ರಶ್ನೆ: ನಮ್ಮದು ಇಳಕಲ್‌ನಲ್ಲಿ ಸೀರೆ ವ್ಯಾಪಾರ. ಫೆಬ್ರವರಿಯಲ್ಲಿ ಬೆಳಗಾವಿಯ ಅಂಗಡಿಯೊಂದಕ್ಕೆ ಕಮಿಷನ್ ಮೇಲೆ 100 ಸೀರೆ ಕಳಿಸಿದೆ. ಒಂದಕ್ಕೆ 1,800 ರೂಪಾಯಿಯಂತೆ ಬಿಲ್ ಹಾಕಿದ್ದೇನೆ. 50,000 ಮುಂಗಡವೂ ಬಂದಿದೆ. ಮಾರ್ಚ್ 31ಕ್ಕೆ ಇದೆಲ್ಲ ಮಾರಾಟ ಅಂತ ಬರೆಯಬಹುದಾ ಸರ್?

ಉತ್ತರ: ಬರೆಯಬಾರದು. ಸೀರೆ ಬೆಳಗಾವಿಯಲ್ಲಿದ್ದರೂ ಮಾಲೀಕರು ಇನ್ನೂ ನೀವೇ. ಖರ್ಚಾಗದಿದ್ದರೆ ಅಂಗಡಿಯವರು ವಾಪಸ್ ಕಳಿಸಬಹುದಾ? ಬೇಕಾದಾಗ ನೀವು ತರಿಸಿಕೊಳ್ಳಬಹುದಾ? ಗಿರಾಕಿಗೆ ಮಾರಿದ ಮೇಲಷ್ಟೇ ಅವರು ನಿಮಗೆ ದುಡ್ಡು ಕೊಡಬೇಕಾ? ಮೂರಕ್ಕೂ ಹೌದು ಅಂತಾದರೆ ಅದು ಕನ್ಸೈನ್‌ಮೆಂಟ್, ನಿಮ್ಮ ಬಿಲ್ ಬರೀ ಬೆಲೆ ತಿಳಿಸುವ ಚೀಟಿ. ವಾಪಸಿಲ್ಲ, ಮಾರಲಿ ಬಿಡಲಿ ದುಡ್ಡು ಕೊಡಲೇಬೇಕು ಅಂತಿದ್ದರೆ ಮಾತ್ರ ಅದು ನೇರ ಮಾರಾಟ.

ನಿಮ್ಮ ಮಾರಾಟ ಲೆಕ್ಕಕ್ಕೆ ಬರುವುದು ಅಂಗಡಿಯವರು ಗಿರಾಕಿಗೆ ಮಾರಿದ ದಿನ. ಅದಕ್ಕೆ ಆಧಾರ ಅವರು ಕಳಿಸುವ ಮಾರಾಟ ಪಟ್ಟಿ. ಪಟ್ಟಿ ಏಪ್ರಿಲ್‌ನಲ್ಲಿ ಕೈಗೆ ಸಿಕ್ಕರೂ, ಮಾರ್ಚ್ 31ರೊಳಗೆ ಹೋದ ಸೀರೆ ಈ ವರ್ಷದ ಲೆಕ್ಕಕ್ಕೇ ಸೇರುತ್ತದೆ.

ಸೀರೆಯ ಅಸಲು ತಲಾ 1,200, ಲಾರಿ ಬಾಡಿಗೆ ಮತ್ತು ವಿಮೆ ಒಟ್ಟು 3,000 ಅಂದುಕೊಳ್ಳಿ. ಅಲ್ಲಿಗೆ ಒಂದು ಸೀರೆ ಬೆಳಗಾವಿ ಮುಟ್ಟುವಷ್ಟರಲ್ಲಿ 1,230 ರೂಪಾಯಿ. ಮಾರ್ಚ್ 31ರೊಳಗೆ 60 ಸೀರೆ ಹೋಗಿದ್ದರೆ ಮಾರಾಟ 1,08,000. ಶೇ 10ರಂತೆ ಕಮಿಷನ್ 10,800, ಆ 60 ಸೀರೆಯ ಅಸಲು 73,800. ಇವೆರಡನ್ನೂ ಕಳೆದರೆ ಲಾಭ 23,400. ಪೂರ್ತಿ ಬಿಲ್ಲನ್ನೇ ಮಾರಾಟ ಅಂತ ಬರೆದಿದ್ದರೆ 57,000 ಲಾಭ ಕಾಣುತ್ತಿತ್ತು, ಸುಮ್ನೆ ಇಲ್ಲದ ಲಾಭಕ್ಕೆ ತೆರಿಗೆ ಕಟ್ಟುತ್ತಿದ್ದಿರಿ.

ಉಳಿದ 40 ಸೀರೆ ನಿಮ್ಮ ದಾಸ್ತಾನು. ಬೆಲೆ 49,200, ಅಂದರೆ 1,230ರಂತೆ. ಬಿಲ್ಲಿನ 1,800 ಹಿಡಿಯಬೇಡಿ. ಜಾಸ್ತಿ ಜನ ಎಡವುವುದು ಇಲ್ಲೇ. ಅಂಗಡಿಯವರ ಕಮಿಷನ್, ಜಾಹೀರಾತಿನ ಖರ್ಚನ್ನೂ ದಾಸ್ತಾನಿಗೆ ಸೇರಿಸಬಾರದು, ಅವು ಮಾರುವ ಖರ್ಚು. ಆ 40 ಸೀರೆ ಅಲ್ಲಿ ಸುಟ್ಟರೂ ನೆನೆದರೂ ನಷ್ಟ ಸಾಮಾನ್ಯವಾಗಿ ನಿಮ್ಮದೇ. ಹಾಗಾಗಿ ವಿಮೆ ಲಾರಿಯಿಂದ ಇಳಿಸುವ ತನಕ ಮಾತ್ರ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಬಂದ 50,000 ಮುಂಗಡ, ಆದಾಯವಲ್ಲ. ಒಂದೂ ಸೀರೆ ಹೋಗದಿದ್ದರೆ ಅದು ನೀವು ತೀರಿಸಬೇಕಾದ ಬಾಕಿ. ಈಗ 60 ಹೋಗಿರುವುದರಿಂದ ಕಮಿಷನ್ ಮತ್ತು ಮುಂಗಡ ಮುರಿದುಕೊಂಡು ಅವರಿಂದ 47,200 ಬರಬೇಕು.

ಜಿಎಸ್‌ಟಿ ಮಾತ್ರ ಬೇರೆ ದಾರಿ. ಅಂಗಡಿಯವರು ನಿಮ್ಮ ಏಜೆಂಟರಾಗಿ, ಗಿರಾಕಿಗೆ ತಮ್ಮ ಹೆಸರಲ್ಲೇ ಬಿಲ್ ಕೊಡುತ್ತಿದ್ದರೆ, ನೀವು ಮಾಲು ಕಳಿಸಿದ್ದೇ ಪೂರೈಕೆ ಅಂತ ಕಾಯ್ದೆ ಎಣಿಸುತ್ತದೆ. ಮಾರಾಟ ಆಗದಿದ್ದರೂ ತೆರಿಗೆ ಬೀಳುತ್ತದೆ. ಆಗ ರಿಟರ್ನ್‌ನಲ್ಲಿ 100 ಸೀರೆ, ಪುಸ್ತಕದಲ್ಲಿ 60 ಇರುತ್ತದೆ. ಈ ವ್ಯತ್ಯಾಸ ತೋರಿಸುವ ಒಂದು ಹಾಳೆಯನ್ನು ಈಗಲೇ ಬರೆದು ಫೈಲಿಗೆ ಹಾಕಿಡಿ.