ರ‍್ಯಾಕ್‌ನಲ್ಲಿ ಜಾಗ ಇದೆ, ಸರ್ವರ್ ಮಾತ್ರ ಕೂರುತ್ತಿಲ್ಲ

ಪ್ರಶ್ನೆ: ಸರ್, ಗಂಗಾವತಿ ಹತ್ತಿರ ನಮ್ಮದೊಂದು ರೈಸ್ ಮಿಲ್ ಇದೆ. ಆಫೀಸಿಗೆ ಅಂತ 9ಯು ವಾಲ್ ಮೌಂಟ್ ರ‍್ಯಾಕ್ ತಂದೆ, ಆಳ 550 ಮಿ.ಮೀ. ಪ್ಯಾಚ್ ಪ್ಯಾನಲ್ 1ಯು, ಸ್ವಿಚ್ 1ಯು, ಸರ್ವರ್ 2ಯು, ಯುಪಿಎಸ್ 2ಯು, ಒಟ್ಟು 6. ಇನ್ನೂ 3 ಉಳೀತದೆ ಅಂದ್ಕೊಂಡೆ. ಆದ್ರೆ ಸರ್ವರ್ ಅರ್ಧಮರ್ಧ ಹೊರಗೇ ನಿಲ್ತದೆ. ಯುಪಿಎಸ್‌ಗೆ ಮೇಲಿನ ಸ್ಕ್ರೂ ಬೀಳ್ತದೆ, ಕೆಳಗಿನದು ತೂತಿಗೆ ಹೊಂದಲ್ಲ. ಎಲ್ಲಿ ತಪ್ಪಾಯ್ತು?

ಉತ್ತರ: ನಿಮ್ಮ ಕೂಡುವ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಯು ಅನ್ನೋದು ಬರೀ ಎತ್ತರದ ಅಳತೆ. 1ಯು ಅಂದರೆ 44.45 ಮಿ.ಮೀ., ಅಂದರೆ ಒಂದೂಮುಕ್ಕಾಲು ಇಂಚು. ಪೆಟ್ಟಿಗೆ ಹಿಂದಕ್ಕೆ ಎಷ್ಟು ಉದ್ದ ಇದೆ ಅನ್ನೋದನ್ನು ಅದು ಹೇಳುವುದೇ ಇಲ್ಲ. ನಿಮ್ಮ ಸ್ವಿಚ್ಚೂ 1ಯು, ಉದ್ದನೆಯ ಸರ್ವರ್ ಕೂಡ 1ಯು ಇರಬಹುದು. ಮೊದಲನೆಯದು ಒಂದು ಗೇಣು ಇದ್ದರೆ ಎರಡನೆಯದು ಮೂರು ಗೇಣು ದಾಟುತ್ತದೆ.

ನಿಮ್ಮ ಸರ್ವರ್‌ನ ಅಳತೆ ನೀವು ಬರೆದಿಲ್ಲ. ಲೆಕ್ಕಕ್ಕೆ 715 ಮಿ.ಮೀ. ಅಂತಿಟ್ಟುಕೊಳ್ಳೋಣ, 2ಯು ಸರ್ವರ್‌ಗಳಲ್ಲಿ ಇದು ಸಾಮಾನ್ಯ. ಈ ಅಳತೆಯನ್ನು ಎಲ್ಲಿಂದ ಎಲ್ಲಿವರೆಗೆ ಹಿಡಿದಿದ್ದಾರೆ ಅಂತ ಮೊದಲು ನೋಡಿ. ಸ್ಕ್ರೂ ಹಾಕುವ ಮುಂದಿನ ಕಿವಿಯಿಂದ ಹಿಂದಿನ ಪವರ್ ಸಪ್ಲೈ ಹಿಡಿಕೆಯ ತುದಿವರೆಗಿನ ಅಳತೆ ಬೇಕು. ಅಲ್ಲಿಗೇ ಮುಗಿಯಲಿಲ್ಲ. ಹಿಂದೆ ಪವರ್ ಕಾರ್ಡ್ ಚುಚ್ಚಿ ತಿರುಗಿಸಲು, ನೆಟ್‌ವರ್ಕ್ ಕೇಬಲ್ ಮುರಿಯದಂತೆ ಬಾಗಿಸಲು ನಾನು 100 ಮಿ.ಮೀ. ಬಿಡುತ್ತೇನೆ. ಕಿವಿಯಿಂದ ಹಿಂದಕ್ಕೆ 815 ಆಯ್ತು. ಕಿವಿಯಿಂದ ಮುಂದಕ್ಕೆ ಹಿಡಿಕೆ, ಮುಚ್ಚಳ ಚಾಚಿಕೊಂಡಿರುತ್ತವಲ್ಲ, ಅದಕ್ಕೆ 40. ಒಟ್ಟು 855.

ನಿಮ್ಮ 550 ಅನ್ನೋದು ರ‍್ಯಾಕ್‌ನ ಹೊರಗಿನ ಅಳತೆ. ಗಾಜಿನ ಬಾಗಿಲಿನಿಂದ, ಸ್ಕ್ರೂ ಹಾಕುವ ಮುಂದಿನ ಕಂಬ ಸ್ವಲ್ಪ ಒಳಗಿರುತ್ತದೆ, ಹಿಂದೆ ತಗಡು ಬೇರೆ. ಒಳಗೆ ಸಿಗೋದು ಇನ್ನೂ ಕಡಿಮೆ. 800 ಆಳದ ನೆಲದ ರ‍್ಯಾಕ್ ತಂದರೂ ಇದೇ ಕಥೆ: ಮುಂದಿನ ಕಂಬ 75 ಒಳಗಿದೆ ಅಂದರೆ ಉಳಿಯೋದು 725. ಸರ್ವರ್ ಹಿಡಿಯುತ್ತದೆ, ಪವರ್ ಕಾರ್ಡ್ ಹಿಡಿಯಲ್ಲ. 1000 ಮಿ.ಮೀ. ಆಳದ್ದೇ ಬೇಕು. ಎತ್ತರ 22ಯು ಇದ್ದರೆ ನಿಮಗೆ ಧಾರಾಳ.

ಕೊಂಡ ಮೇಲೆ ಹಿಂದಿನ ಕಂಬ ಹೊಂದಿಸಬೇಕು. ಸರ್ವರ್ ಜತೆ ಬರುವ ಸ್ಲೈಡ್ ರೈಲ್‌ನ ಚೀಟಿಯಲ್ಲಿ ಅದು ಎಷ್ಟರಿಂದ ಎಷ್ಟರವರೆಗೆ ಎಳೆಯುತ್ತದೆ ಅಂತ ಬರೆದಿರುತ್ತಾರೆ. ಮುಂದಿನ ಕಂಬದ ಹೊರಮುಖದಿಂದ ಹಿಂದಿನ ಕಂಬದ ಹೊರಮುಖಕ್ಕೆ ಟೇಪ್ ಹಿಡಿದು, ಆ ಮಿತಿಯೊಳಗೆ ತನ್ನಿ. ಸಾಮಾನು ತುಂಬಿದ ಮೇಲೆ ಹಿಂದಿನ ಕಂಬ ಸರಿಸೋದು ಬಹಳ ಪೀಕಲಾಟ, ಖಾಲಿ ಇರುವಾಗಲೇ ಮಾಡಿಬಿಡಿ.

"ಮುಂದಿನ ಕಿವಿಗೆ ನಾಲ್ಕು ಸ್ಕ್ರೂ ಹಾಕಿ ನೇತುಹಾಕಿದ್ರೆ ನಡೀತದೆ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬಳ್ಳಾರಿಯ ಒಂದು ಆಫೀಸಿನಲ್ಲಿ ಹಾಗೆ ಹಾಕಿದ್ದ ಸರ್ವರನ್ನು ನಾನೇ ಇಳಿಸಿದ್ದೇನೆ. ಹಿಂಭಾರಕ್ಕೆ ಕಿವಿ ಬಾಗಿ, ಹಿಂದಿನ ತುದಿ ಕೆಳಗಿನ ಸ್ವಿಚ್ ಮೇಲೆ ಕೂತಿತ್ತು. ಆ ಕಿವಿ ಸರ್ವರ್ ಮುಂದಕ್ಕೆ ಜಾರದಂತೆ ಹಿಡಿಯಲಿಕ್ಕೆ, ಭಾರ ಹೊರಲಿಕ್ಕಲ್ಲ.

ಇನ್ನು ಯುಪಿಎಸ್ ಸ್ಕ್ರೂ. ಕಂಬದ ತೂತುಗಳನ್ನು ಹತ್ತಿರದಿಂದ ನೋಡಿ, ಎಲ್ಲವೂ ಸಮ ಅಂತರದಲ್ಲಿಲ್ಲ. ನಡುವಿನಿಂದ ನಡುವಿಗೆ ಅಳೆದರೆ 15.9, 15.9, ಆಮೇಲೆ 12.7, ಮತ್ತೆ ಅದೇ ಸರಣಿ. ಆ ಕಿರಿದಾದ 12.7 ಅಂತರದ ಮಧ್ಯದಲ್ಲಿ ಒಂದು ಯು ಮುಗಿದು ಇನ್ನೊಂದು ಶುರುವಾಗುತ್ತದೆ. ಹೆಬ್ಬೆರಳಿನ ಉಗುರು ಇಟ್ಟು ನೋಡಿದರೆ ಯಾವ ಜೋಡಿ ಹತ್ತಿರ ಇದೆ ಅಂತ ಗೊತ್ತಾಗುತ್ತದೆ. ನೀವು ಯುಪಿಎಸ್‌ನ ಕೇಜ್ ನಟ್‌ಗಳನ್ನು ಒಂದು ತೂತು ಮೇಲಕ್ಕೋ ಕೆಳಕ್ಕೋ ಹಾಕಿರಬೇಕು. ಆಗ ಒಂದು ಸ್ಕ್ರೂ ಕೂತು ಇನ್ನೊಂದು ಸುಮಾರು 3 ಮಿ.ಮೀ. ತಪ್ಪುತ್ತದೆ, ನಿಮಗೆ ಆಗಿರೋದು ಅದೇ. ಡ್ರಿಲ್ ಹಿಡಿದು ಕಿವಿಯ ತೂತು ದೊಡ್ಡದು ಮಾಡಬೇಡಿ. ಹಾಗೆ ಕೂರಿಸಿದರೆ ಯುಪಿಎಸ್ 3ಯು ಜಾಗ ಕಚ್ಚಿಕೊಳ್ಳುತ್ತದೆ, ಪಕ್ಕದ ಯುಗೆ ಪೂರ್ತಿ ಸಾಮಾನು ಹಿಡಿಯಲ್ಲ. ನಟ್ ತೆಗೆದು, ಕಿರಿದಾದ ಜೋಡಿಯ ಮೇಲಿನ ತೂತನ್ನು ಒಂದು ಅಂತ ಎಣಿಸಿ ಶುರು ಮಾಡಿ. 2ಯುಗೆ ಆರು ತೂತು, ಕೆಳಗಿನ ಸ್ಕ್ರೂ ಒಂದನೇ ತೂತಿಗೆ, ಮೇಲಿನದು ಆರನೆಯದಕ್ಕೆ. ಎಡಗಡೆ ಎಣಿಸಿದಷ್ಟೇ ಬಲಗಡೆಯೂ ಎಣಿಸಿ, ಇಲ್ಲದಿದ್ದರೆ ಸೊಟ್ಟ ಕೂರುತ್ತದೆ.

ಬ್ಯಾಟರಿ ಭಾರ ಇರೋದರಿಂದ ಯುಪಿಎಸ್ ಹೊಸ ರ‍್ಯಾಕ್‌ನ ತಳಕ್ಕೆ ಹೋಗಲಿ, ಅದರ ಮೇಲೆ ಸರ್ವರ್. ಹಳೆಯ 9ಯು ವಾಪಸ್ ಕೊಡಬೇಡಿ. ಸ್ವಿಚ್ಚು, ಪ್ಯಾಚ್ ಪ್ಯಾನಲ್ ಗೋಡೆಯ ಮೇಲೆ ಅದರಲ್ಲೇ ಇರಲಿ, ಅವಕ್ಕೆ 550 ಸಾಕು. ಅಲ್ಲಿಂದ ಒಂದು ಕೇಬಲ್ ಕೆಳಗಿನ ಸರ್ವರ್‌ಗೆ ಎಳೆದರೆ ಆಯ್ತು.