ಎಲೆಕ್ಟ್ರಾನ್ ತುಂಬಿದರೆ ಸೊನ್ನೆ

“ಪೆನ್ ಡ್ರೈವ್‌ನ ಫ್ಲ್ಯಾಶ್ ಮೆಮೊರಿಯಲ್ಲಿ ಪ್ರತಿ ಕೋಶದ ಎಲೆಕ್ಟ್ರಾನ್ ಹಿಡಿದಿಡುವ ಭಾಗವಾದ ಫ್ಲೋಟಿಂಗ್ ಗೇಟ್‌ನಲ್ಲಿ ಎಲೆಕ್ಟ್ರಾನ್ ಇದ್ದರೆ 1, ಇಲ್ಲದಿದ್ದರೆ 0 ತಾನೇ? ಓದುವಾಗ ಅವು ಹೊರಗೆ ಹರಿದುಹೋಗುವುದಿಲ್ಲವೇ?”

ವಾಡಿಕೆಯಲ್ಲಿ ಇದು ತಿರುವುಮುರುವು ಸಾರ್. ಅಳಿಸಿದ ಖಾಲಿ ಕೋಶವೇ 1, ಎಲೆಕ್ಟ್ರಾನ್ ತುಂಬಿದ್ದು 0. ಏಕೆಂದರೆ ಚಿಪ್ ಎಲೆಕ್ಟ್ರಾನ್‌ಗಳನ್ನು ಎಣಿಸುವುದೇ ಇಲ್ಲ. ಕೋಶದ ಟ್ರಾನ್ಸಿಸ್ಟರ್‌ನಲ್ಲಿ ವಿದ್ಯುತ್ ಹರಿಯುತ್ತದೆಯೇ ಎಂದಷ್ಟೇ ನೋಡುತ್ತದೆ.

ಕೋಶಕ್ಕೆ ಒಂದೇ ಬಿಟ್ ಇಡುವ ನ್ಯಾಂಡ್ ಫ್ಲ್ಯಾಶ್ ತೆಗೆದುಕೊಳ್ಳಿ. ಫ್ಲೋಟಿಂಗ್ ಗೇಟ್‌ನ ಸುತ್ತಲೂ ಅವಾಹಕ ಪದರವಿದೆ, ಯಾವ ತಂತಿಯೂ ಅದನ್ನು ಮುಟ್ಟುವುದಿಲ್ಲ. ಅದರಲ್ಲಿ ಸಿಕ್ಕಿಬಿದ್ದ ಋಣ ವಿದ್ಯುದಂಶ ಮೇಲಿನ ಕಂಟ್ರೋಲ್ ಗೇಟ್‌ನ ಪ್ರಭಾವಕ್ಕೆ ಅಡ್ಡ ನಿಲ್ಲುತ್ತದೆ. ಹಾಗಾಗಿ ಟ್ರಾನ್ಸಿಸ್ಟರ್ ತೆರೆದುಕೊಳ್ಳಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಖಾಲಿ ಕೋಶದ ಈ ಹೊಸ್ತಿಲು ಸೊನ್ನೆ ವೋಲ್ಟ್‌ಗಿಂತ ಕೆಳಗೆ, ತುಂಬಿದ ಕೋಶದ್ದು ಮೇಲೆ. ಓದುವಾಗ ಕಂಟ್ರೋಲ್ ಗೇಟ್‌ಗೆ ಸೊನ್ನೆ ವೋಲ್ಟ್ ಕೊಡುತ್ತಾರೆ: ಖಾಲಿ ಕೋಶದಲ್ಲಿ ವಿದ್ಯುತ್ ಹರಿಯುತ್ತದೆ, ತುಂಬಿದ್ದರಲ್ಲಿ ಇಲ್ಲ.

ಈ ವಿದ್ಯುತ್ ಹರಿಯುವುದು ಕೆಳಗಿನ ಸಿಲಿಕಾನ್‌ನಲ್ಲಿ, ಫ್ಲೋಟಿಂಗ್ ಗೇಟ್‌ನ ಮೂಲಕವಲ್ಲ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇದೇ. ಅಡಿಯ ಆಕ್ಸೈಡ್ ಪದರ ಬರೀ 7–8 ನ್ಯಾನೊಮೀಟರ್ ದಪ್ಪ. ಆದರೂ ಎಲೆಕ್ಟ್ರಾನ್‌ಗಳನ್ನು ಅದರ ಮೂಲಕ ಸುರಂಗಿಸಿ ದಾಟಿಸಲು, ಅಂದರೆ ಬರೆಯಲು, ಸುಮಾರು 20 ವೋಲ್ಟ್ ಬೇಕು. ಅಳಿಸುವಾಗ ಅಷ್ಟನ್ನೇ ಉಲ್ಟಾ ದಿಕ್ಕಿನಲ್ಲಿ, ಕೋಶಗಳ ಒಂದಿಡೀ ಬ್ಲಾಕ್‌ಗೆ ಒಟ್ಟಿಗೆ ಕೊಡುತ್ತಾರೆ.

ಹಾಗೆಂದು ಸೋರಿಕೆ ಇಲ್ಲವೆಂದಲ್ಲ. ಪ್ರತಿ ಬರೆದು ಅಳಿಸುವಿಕೆಯೂ ಆ ತೆಳು ಪದರದಲ್ಲಿ ಸಣ್ಣ ದೋಷಗಳನ್ನು ಉಳಿಸುತ್ತದೆ, ಎಲೆಕ್ಟ್ರಾನ್‌ಗಳು ಅವುಗಳ ಮೂಲಕ ನಿಧಾನವಾಗಿ ಜಾರುತ್ತವೆ. ಸವೆದ ಪೆನ್ ಡ್ರೈವ್ ಅನ್ನು ಬಿಸಿ ಕಪಾಟಿನಲ್ಲಿ ವರ್ಷಗಟ್ಟಲೆ ಇಟ್ಟರೆ ಕೆಲವು 0ಗಳು 1 ಆಗಿ ಓದಿಸಿಕೊಳ್ಳುವುದು ಹೀಗೆಯೇ.